ಹೊಸ ಪಾಸ್‌ವರ್ಡ್ ಕೊಟ್ಟರೂ ಐಫೋನ್ ಮತ್ತೆ ಮತ್ತೆ ಕೇಳುತ್ತಿದೆಯೇ?

ಅಕ್ಕ ಒಂದು ಭಾನುವಾರ ಬೆಳಿಗ್ಗೆ ತನ್ನ ಆ್ಯಪಲ್ ಖಾತೆಯ ಪಾಸ್‌ವರ್ಡ್ ಬದಲಿಸಿದಳು. ಸಂಜೆಯ ಹೊತ್ತಿಗೆ ಫೋನು ಗಂಟೆಗೊಮ್ಮೆ ಪಾಸ್‌ವರ್ಡ್ ಕೇಳತೊಡಗಿತ್ತು. ಹೊಸದನ್ನು ಹಾಕಿದರೆ ತಪ್ಪು ಎನ್ನುತ್ತದೆ, ಹಳೆಯದನ್ನು ಹಾಕಿದರೂ ತಪ್ಪು ಎನ್ನುತ್ತದೆ. ಫೋನು ನನ್ನ ಕೈಗೆ ಬಂದಾಗ ನಾನು ಮಾಡಿದ ಮೊದಲ ಕೆಲಸ, ಆ ಪೆಟ್ಟಿಗೆಯಲ್ಲಿ ಬರೆದಿದ್ದ ಇಮೇಲ್ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿದ್ದು. ಅದು ಅವಳು ಈಗ ಬಳಸುವ ವಿಳಾಸವೇ ಅಲ್ಲ. ಎಷ್ಟೋ ವರ್ಷಗಳ ಹಿಂದೆ ಮಾಡಿಕೊಂಡಿದ್ದ ಇನ್ನೊಂದು ಖಾತೆಯದು. ಫೋನು ಕೇಳುತ್ತಿದ್ದದ್ದು ಒಂದು ಖಾತೆಯ ಪಾಸ್‌ವರ್ಡ್, ಅವಳು ಕೊಡುತ್ತಿದ್ದದ್ದು ಇನ್ನೊಂದರದ್ದು.

ಹಾಗಾಗಿ ಪೆಟ್ಟಿಗೆ ಕಂಡ ಕೂಡಲೇ ಟೈಪ್ ಮಾಡಲು ಹೋಗಬೇಡಿ. ವಿಳಾಸ ಓದಿಕೊಂಡು ‘Cancel’ ಒತ್ತಿ, ನೀವೇ ಸೆಟ್ಟಿಂಗ್ಸ್‌ಗೆ ಹೋಗಿ. ಹೀಗೆ ಮಾಡುವುದರಿಂದ ಎರಡು ಅನುಕೂಲ. ಯಾವುದೋ ಆ್ಯಪ್ ತೋರಿಸಿದ ನಕಲಿ ಪೆಟ್ಟಿಗೆಗೆ ಪಾಸ್‌ವರ್ಡ್ ಒಪ್ಪಿಸುವ ಅಪಾಯ ತಪ್ಪುತ್ತದೆ. ಜೊತೆಗೆ, ಮೇಲಿಂದ ಮೇಲೆ ತಪ್ಪು ಪಾಸ್‌ವರ್ಡ್ ಹಾಕಿದರೆ ಭದ್ರತೆಯ ಕಾರಣಕ್ಕೆ ಖಾತೆಗೇ ಬೀಗ ಬೀಳುತ್ತದೆ, ಅದೂ ತಪ್ಪುತ್ತದೆ.

ಒಂದೇ ಫೋನು, ಎರಡು ಖಾತೆ

ಸೆಟ್ಟಿಂಗ್ಸ್ ತೆರೆದು ಮೇಲ್ಗಡೆ ಕಾಣುವ ನಿಮ್ಮ ಹೆಸರನ್ನು ಒತ್ತಿ. ಹೆಸರಿನ ಕೆಳಗಿರುವುದು ಐಕ್ಲೌಡ್‌ನ ಖಾತೆ: ಫೋಟೊ, ನೋಟ್ಸ್, ಸಂಪರ್ಕಗಳೆಲ್ಲ ಇದರಲ್ಲಿ. ಅದೇ ಪುಟದಲ್ಲಿ ‘Media & Purchases’ ಎಂಬ ಸಾಲಿದೆ. ಆ್ಯಪ್ ಸ್ಟೋರ್‌ಗೆ ಸಂಬಂಧಪಟ್ಟ ಖಾತೆ ಅದು. ಇವೆರಡೂ ಒಂದೇ ಆಗಿರಬೇಕೆಂಬ ಕಡ್ಡಾಯವೇನಿಲ್ಲ. ಅಕ್ಕನ ಫೋನಿನಲ್ಲಿ ಎರಡನೆಯದು ಆ ಹಳೆಯ ವಿಳಾಸದಲ್ಲೇ ಉಳಿದುಬಿಟ್ಟಿತ್ತು.

ಹೀಗಿದ್ದರೆ ಪರಿಹಾರ ಸುಲಭ. ‘Media & Purchases’ ಒತ್ತಿ, ಅಲ್ಲಿಂದ ಮಾತ್ರ ಸೈನ್ ಔಟ್ ಆಗಿ, ಈಗಿನ ಖಾತೆಯಿಂದ ಒಳಗೆ ಬನ್ನಿ. ಐಕ್ಲೌಡ್‌ನ ಫೋಟೊಗಳಿಗೂ ನೋಟ್ಸ್‌ಗೂ ಇದರಿಂದ ಏನೂ ಆಗುವುದಿಲ್ಲ.

ಇಷ್ಟಾದ ಮೇಲೂ ಹಳೆಯ ವಿಳಾಸವೇ ಇಣುಕಿದರೆ, ಆ ಖಾತೆಯಿಂದ ಹಾಕಿಕೊಂಡಿದ್ದ ಯಾವುದೋ ಆ್ಯಪ್ ಅಪ್‌ಡೇಟ್‌ಗಾಗಿ ಕಾಯುತ್ತಿರಬಹುದು. ಆ್ಯಪ್ ಸ್ಟೋರ್‌ನಲ್ಲಿ ಬಾಕಿಯಿರುವ ಅಪ್‌ಡೇಟ್‌ಗಳನ್ನು ಒಂದೊಂದಾಗಿ ಒತ್ತಿ ನೋಡಿ. ಯಾವುದನ್ನು ಒತ್ತಿದಾಗ ಹಳೆಯ ವಿಳಾಸ ಬರುತ್ತದೋ ಅದೇ ಕಾರಣ. ಅದನ್ನು ಅಳಿಸಿ, ಈಗಿನ ಖಾತೆಯಿಂದ ಮತ್ತೆ ಹಾಕಿಕೊಳ್ಳಬೇಕು. ಆದರೆ ಆ್ಯಪ್ ಅಳಿಸಿದರೆ ಅದರೊಳಗಿನ ಮಾಹಿತಿಯೂ ಹೋಗುತ್ತದೆ, ಹಣ ಕೊಟ್ಟು ಕೊಂಡ ಆ್ಯಪ್ ಆಗಿದ್ದರೆ ಮತ್ತೆ ಕೊಳ್ಳಬೇಕಾಗುತ್ತದೆ. ಅದನ್ನು ಯೋಚಿಸಿಯೇ ಕೈಹಾಕಿ.

ವಿಳಾಸ ಸರಿಯಾಗಿದ್ದೂ ಕೇಳುತ್ತಿದ್ದರೆ

ಅಕ್ಕನ ಫೋನು ಹಳೆಯ ವಿಳಾಸವನ್ನು ಮರೆತ ಮರುದಿನವೇ ಹೊಸ ವಿಳಾಸದ ಹೆಸರಲ್ಲಿ ಕೇಳಲು ಶುರುಮಾಡಿತು. ಪಾಸ್‌ವರ್ಡ್ ಒಪ್ಪಿಕೊಳ್ಳುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಕೇಳುತ್ತದೆ. ಇಲ್ಲಿ ಮೊದಲು ನೋಡಬೇಕಾದದ್ದು ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರಿನ ಕೆಳಗೆ ‘Update Apple Account Settings’ ಎಂಬ ಸಾಲು ಇದೆಯೇ ಎಂದು. ಇದ್ದರೆ ಅದನ್ನು ಒತ್ತಿ, ಅಲ್ಲೇ ಪಾಸ್‌ವರ್ಡ್ ಕೊಡಿ. ಆಮೇಲೆ ದಿನಾಂಕ ಮತ್ತು ಸಮಯ ತಾನಾಗಿಯೇ ಹೊಂದಿಕೊಳ್ಳುವಂತೆ ಇದೆಯೇ ನೋಡಿ, ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಬಹಳ ಸಲ ಇಷ್ಟಕ್ಕೇ ನಿಲ್ಲುತ್ತದೆ. ಅಕ್ಕನದು ನಿಲ್ಲಲಿಲ್ಲ.

ಇನ್ನು ಉಳಿದದ್ದು ಪೂರ್ತಿ ಸೈನ್ ಔಟ್. ಅದಕ್ಕೆ ಮುಂಚೆ ಎರಡು ತಪಾಸಣೆ ಆಗಲೇಬೇಕು. ಇವನ್ನು ಬಿಟ್ಟು ಅವಸರದಲ್ಲಿ ಸೈನ್ ಔಟ್ ಆದವರೇ ಆಮೇಲೆ ಪೇಚಾಡುವುದು.

ಕೋಡ್ ಎಲ್ಲಿಗೆ ಬರುತ್ತದೆ?

ಮತ್ತೆ ಸೈನ್ ಇನ್ ಆಗುವಾಗ ಪಾಸ್‌ವರ್ಡ್ ಜೊತೆಗೆ 6 ಅಂಕಿಯ ಕೋಡ್ ಕೇಳಬಹುದು. ಅದು ಬರುವುದು ನೀವು ಈಗಾಗಲೇ ನಂಬಿಕೆಯ ಸಾಧನವೆಂದು ಒಪ್ಪಿದ ಇನ್ನೊಂದು ಐಫೋನ್, ಐಪ್ಯಾಡ್ ಅಥವಾ ಮ್ಯಾಕ್‌ಗೆ. ಇಲ್ಲದಿದ್ದರೆ ನಂಬಿಕೆಯ ಫೋನ್ ನಂಬರಿಗೆ. ನಿಮ್ಮ ಹೆಸರಿನ ಪುಟವನ್ನು ಕೆಳಗೆ ಸರಿಸಿದರೆ ಈ ಸಾಧನಗಳ ಪಟ್ಟಿ ಕಾಣುತ್ತದೆ. ಅಕ್ಕನ ಪಟ್ಟಿಯಲ್ಲಿ ಈ ಫೋನು ಬಿಟ್ಟರೆ ಇದ್ದದ್ದು ಅವಳು ಎಂದೋ ಬೇರೆಯವರಿಗೆ ಕೊಟ್ಟಿದ್ದ ಒಂದು ಐಪ್ಯಾಡ್ ಮಾತ್ರ. ಕೈಯಲ್ಲಿಲ್ಲದ ಇಂಥ ಸಾಧನವನ್ನು ಒತ್ತಿ ‘Remove from Account’ ಆರಿಸಿ. ಅದರಲ್ಲಿ ನಿಮ್ಮ ಖಾತೆ ಇನ್ನೂ ತೆರೆದೇ ಇದ್ದರೆ, ಇಂಟರ್‌ನೆಟ್ ಸಿಕ್ಕಾಗ ಅದು ಪಟ್ಟಿಗೆ ಮತ್ತೆ ಬರಬಹುದು. ಆದ್ದರಿಂದ ಅದನ್ನು ಇಟ್ಟುಕೊಂಡವರಿಗೆ ಹೇಳಿ ಅಲ್ಲಿಯೂ ಸೈನ್ ಔಟ್ ಮಾಡಿಸಿ.

ನಂತರ ‘Sign-In & Security’ ತೆರೆದು ನಂಬಿಕೆಯ ಫೋನ್ ನಂಬರ್ ನೋಡಿ. ಅದು ಈಗ ಚಾಲ್ತಿಯಲ್ಲಿರುವ ನಂಬರೇ? ಸಿಮ್ ಇದೇ ಫೋನಿನಲ್ಲಿದ್ದರೂ ಚಿಂತೆಯಿಲ್ಲ, ಸೈನ್ ಔಟ್ ಆದ ಮೇಲೂ ಎಸ್‌ಎಂಎಸ್ ಬರುತ್ತದೆ. ನಂಬರ್ ಕೈಬಿಟ್ಟು ಹೋಗಿದ್ದರೆ ಮಾತ್ರ, ಹೊಸದನ್ನು ಸೇರಿಸುವ ತನಕ ಮುಂದೆ ಹೋಗಬೇಡಿ.

ನಿಮ್ಮ ಮಾಹಿತಿ ನಿಜವಾಗಿಯೂ ಮೇಲೆ ಹೋಗಿದೆಯೇ?

ಪಾಸ್‌ವರ್ಡ್ ಗೊಂದಲ ನಡೆಯುತ್ತಿರುವಾಗ ಸಿಂಕ್ ಸದ್ದಿಲ್ಲದೆ ನಿಂತುಹೋಗಿರಬಹುದು. ಪರೀಕ್ಷಿಸಲು ನಾನು ಹೀಗೆ ಮಾಡುತ್ತೇನೆ: ಐಕ್ಲೌಡ್‌ನಲ್ಲಿರುವ ನೋಟ್ಸ್ ಫೋಲ್ಡರಿನಲ್ಲಿ ‘ಪರೀಕ್ಷೆ 7.40’ ಎಂದು ಆಗಿನ ಗಂಟೆ ಹಾಕಿ ಒಂದು ನೋಟ್ ಬರೆದು, ಕಂಪ್ಯೂಟರಿನಲ್ಲಿ icloud.com ತೆರೆಯುತ್ತೇನೆ. ಕೆಲವು ನಿಮಿಷಗಳಲ್ಲಿ ನೋಟ್ ಅಲ್ಲಿ ಕಂಡರೆ ನೋಟ್ಸ್ ಸಿಂಕ್ ಆಗುತ್ತಿದೆ. ಇತ್ತೀಚೆಗೆ ಸೇರಿಸಿದ ಒಂದು ಸಂಪರ್ಕವನ್ನೂ ಹಾಗೆಯೇ ಹುಡುಕಿ. ಫೋಟೊಗಳದು ಬೇರೆಯೇ ಲೆಕ್ಕ. ಫೋಟೊಸ್ ಆ್ಯಪ್‌ನಲ್ಲೇ ಇನ್ನೆಷ್ಟು ಅಪ್‌ಲೋಡ್ ಆಗಬೇಕಿದೆ, ನಿಂತಿದೆಯೇ ಎಂಬುದು ಕಾಣುತ್ತದೆ. ಅಕ್ಕನ ಫೋನಿನಲ್ಲಿ 312 ಚಿತ್ರಗಳು ಬಾಕಿಯಿದ್ದವು.

ಬಾಕಿ ಇರುವಾಗ ಸೈನ್ ಔಟ್ ಆಗಬೇಡಿ. ಚಾರ್ಜರಿಗೆ ಹಾಕಿ, ವೈಫೈ ಕೊಟ್ಟು ರಾತ್ರಿಯಿಡೀ ಬಿಡಿ. ಅಷ್ಟಾದರೂ ಕದಲದಿದ್ದರೆ ಕೇಬಲ್ ಹಾಕಿ ಆ ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ನಾವು ಹಾಗೇ ಮಾಡಿದೆವು, ಕಂಪ್ಯೂಟರಿನಲ್ಲಿ ಒಂದು ಬ್ಯಾಕಪ್ ಕೂಡ ತೆಗೆದೆವು. ಬ್ಯಾಕಪ್‌ಗೆ ಎನ್‌ಕ್ರಿಪ್ಷನ್ ಆರಿಸಿ. ಹಾಗೆ ಮಾಡಿದರೆ ಮಾತ್ರ ಉಳಿಸಿದ ಪಾಸ್‌ವರ್ಡ್‌ಗಳೂ ಆರೋಗ್ಯದ ದಾಖಲೆಗಳೂ ಅದರಲ್ಲಿ ಸೇರುತ್ತವೆ.

ಸೈನ್ ಔಟ್

ಹೆಸರಿನ ಪುಟದ ತಳದಲ್ಲಿ ‘Sign Out’ ಇದೆ. ‘Find My’ ಆಫ್ ಮಾಡಲು ಪಾಸ್‌ವರ್ಡ್ ಕೇಳುತ್ತದೆ, ಹೊಸದನ್ನೇ ಕೊಡಿ. ಬಳಿಕ ಯಾವ್ಯಾವ ಮಾಹಿತಿಯ ಪ್ರತಿ ಫೋನಿನಲ್ಲೇ ಉಳಿಯಬೇಕೆಂದು ಪಟ್ಟಿ ಬರುತ್ತದೆ. ಅಲ್ಲಿರುವುದೆಲ್ಲವನ್ನೂ ಆನ್ ಮಾಡಿ. ಫೋಟೊಗಳು ಮತ್ತು ಐಕ್ಲೌಡ್ ನೋಟ್ಸ್ ಫೋನಿನಿಂದ ಮರೆಯಾದರೆ ಗಾಬರಿ ಬೇಡ, ಮರಳಿ ಒಳಗೆ ಬಂದಾಗ ಇಳಿದು ಬರುತ್ತವೆ. ಇದಕ್ಕೇ ಮೊದಲು icloud.com ನೋಡಿ ಎಂದದ್ದು. ವಾಲೆಟ್‌ನಲ್ಲಿ ಸೇರಿಸಿದ್ದ ಪಾವತಿ ಕಾರ್ಡುಗಳನ್ನು ಮಾತ್ರ ಹೊಸದಾಗಿ ಸೇರಿಸಬೇಕು.

‘Stolen Device Protection’ ಆನ್ ಇದ್ದು, ನೀವು ಪರಿಚಿತ ಜಾಗದಿಂದ ಹೊರಗಿದ್ದರೆ ಫೋನು ಒಂದು ಗಂಟೆ ಕಾಯಿಸುತ್ತದೆ. ಅದು ದೋಷವಲ್ಲ, ಕಳ್ಳರಿಂದ ಕಾಯುವ ಏರ್ಪಾಡು.

ಸೈನ್ ಔಟ್ ಆದ ಮೇಲೆ ಫೋನನ್ನು ಆಫ್ ಮಾಡಿ ಆನ್ ಮಾಡಿ, ಆಮೇಲೆ ಸೈನ್ ಇನ್ ಆಗಿ. ಐಕ್ಲೌಡ್ ಮೇಲ್ ಅಥವಾ ಕ್ಯಾಲೆಂಡರನ್ನು ಬೇರೆ ಕಂಪನಿಯ ಆ್ಯಪ್‌ನಲ್ಲಿ ನೋಡುವವರಿಗೆ ಒಂದು ಮಾತು: ಮುಖ್ಯ ಪಾಸ್‌ವರ್ಡ್ ಬದಲಾದಾಗ ಅಂಥ ಆ್ಯಪ್‌ಗಳಿಗೆಂದು ಮಾಡಿಕೊಂಡಿದ್ದ ಪ್ರತ್ಯೇಕ ಪಾಸ್‌ವರ್ಡ್‌ಗಳೆಲ್ಲ ರದ್ದಾಗುತ್ತವೆ. account.apple.com ನಲ್ಲಿ ಹೊಸದನ್ನು ಮಾಡಿ ಆ ಆ್ಯಪ್‌ಗೆ ಕೊಡಬೇಕು, ಮುಖ್ಯ ಪಾಸ್‌ವರ್ಡ್ ಅಲ್ಲಿ ನಡೆಯದು.

ಅಕ್ಕನ ನೋಟ್ಸ್ ಅರ್ಧ ಗಂಟೆಯೊಳಗೆ ಬಂದವು. ಫೋಟೊಗಳು ಪೂರ್ತಿ ಇಳಿಯಲು ಮರುದಿನ ಮಧ್ಯಾಹ್ನವಾಯಿತು. ಆ ಪೆಟ್ಟಿಗೆ ಮತ್ತೆ ಬರಲಿಲ್ಲ.