ಚೆಕ್‌ನಲ್ಲಿ ಎರಡು ಗೆರೆ, ಎರಡು ಪದ ಮತ್ತು ಒಂದಿಷ್ಟೂ ಖಾಲಿ ಬಿಡದ ಜಾಗ

ಬಡಗಿಗೆ ಕೊನೆಯ ಕಂತು 8,500 ರೂಪಾಯಿ ಚೆಕ್‌ನಲ್ಲಿ ಕೊಡಬೇಕು ಎಂದಿಟ್ಟುಕೊಳ್ಳಿ. ಅವರ ಹೆಸರು ಕೆ. ರವಿ. ಒಳ್ಳೆಯ ಮನುಷ್ಯ, ಅನುಮಾನ ಪಡುವ ಮಾತೇ ಇಲ್ಲ. ಆದರೆ ಆ ಚೆಕ್ ಅವರ ಜೇಬಿನಿಂದ ಬಿದ್ದುಹೋಗಬಹುದು, ಅವರು ಅದನ್ನು ಬ್ಯಾಂಕಿಗೆ ಹಾಕಲು ಇನ್ಯಾರ ಕೈಗೋ ಕೊಡಬಹುದು, ಡ್ರಾಪ್ ಬಾಕ್ಸ್‌ನಿಂದಲೇ ಯಾರಾದರೂ ಎಗರಿಸಬಹುದು. ಹಾಗಾಗಿ ಚೆಕ್ ಬರೆಯುವಾಗ ಎದುರಿಗೆ ನಿಂತವರನ್ನಲ್ಲ, ಆಮೇಲೆ ಅದು ಯಾರ ಕೈಗೆ ಸಿಗಬಹುದು ಅನ್ನುವುದನ್ನು ನೆನಪಿಟ್ಟುಕೊಂಡು ಬರೆಯಬೇಕು.

ಸುಮಾರು ಜನ "ಕ್ರಾಸ್ ಮಾಡಿದ್ದೀನಲ್ಲ, ಇನ್ನೇನು ಭಯ" ಅಂದುಕೊಳ್ಳುತ್ತಾರೆ. ಇಲ್ಲೇ ಎಡವಟ್ಟಾಗುವುದು. ಕ್ರಾಸಿಂಗ್ ಮಾಡುವ ಕೆಲಸ ಬೇರೆ, ಅಕೌಂಟ್ ಪೇಯೀ ಮಾಡುವ ಕೆಲಸ ಬೇರೆ, ಮೊತ್ತವನ್ನು ಬರೆಯುವ ರೀತಿ ಮಾಡುವ ಕೆಲಸ ಇನ್ನೂ ಬೇರೆ. ಒಂದು ಮಾಡಬೇಕಾದ್ದನ್ನು ಇನ್ನೊಂದು ಮಾಡುವುದಿಲ್ಲ.

ಮೊದಲು ಗೆರೆ

ಚೆಕ್‌ನ ಎಡ ಮೇಲ್ತುದಿಯಲ್ಲಿ ಓರೆಯಾಗಿ ಎರಡು ಸಮಾನಾಂತರ ಗೆರೆ ಎಳೆಯಿರಿ. ಅಷ್ಟೇ ಸಾಕು, ಅದು ಕ್ರಾಸ್ ಮಾಡಿದ ಚೆಕ್ ಆಯಿತು. ಇದರ ಅರ್ಥ, ಕೌಂಟರಿನಲ್ಲಿ ಯಾರಿಗೂ ನಗದು ಕೊಡುವ ಹಾಗಿಲ್ಲ, ಒಂದು ಬ್ಯಾಂಕ್ ಖಾತೆಯ ಮೂಲಕವೇ ಹಣ ಹೋಗಬೇಕು. ಗೆರೆಗಳ ನಡುವೆ ಒಂದು ಬ್ಯಾಂಕಿನ ಹೆಸರು ಬರೆದರೆ ಆ ಬ್ಯಾಂಕಿನ ಮೂಲಕ ಮಾತ್ರ. ಇವೆರಡೂ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲೇ ಇವೆ.

ಗೆರೆ ಎಳೆಯದೆ, ಹೆಸರಿನ ಸಾಲಿನ ಕೊನೆಯಲ್ಲಿ ಅಚ್ಚಾಗಿರುವ ‘ಆರ್ ಬೇರರ್’ ಅನ್ನೋದನ್ನೂ ಹೊಡೆಯದೆ ಕೊಟ್ಟರೆ, ಆ ಚೆಕ್ ಹಿಡಿದುಕೊಂಡು ಬ್ಯಾಂಕಿಗೆ ಹೋದವರು ಯಾರೇ ಆದರೂ ಹಣ ಎಣಿಸಿಕೊಂಡು ಬರಬಹುದು.

ಗೆರೆಯಿಂದ ಕೌಂಟರಿನ ದಾರಿ ಮುಚ್ಚಿತು. ಆದರೆ ಬರೀ ಎರಡು ಗೆರೆಯ ಚೆಕ್ ಸಿಕ್ಕವನು ಅದನ್ನು ತನ್ನ ಖಾತೆಗೆ ಹಾಕಿಕೊಳ್ಳುವ ದಾರಿ ಪೂರ್ತಿ ಮುಚ್ಚಿಲ್ಲ. ಚೆಕ್‌ನ ಹಿಂಬದಿಯಲ್ಲಿ ಸಹಿ ಹಾಕಿ ಇನ್ನೊಬ್ಬರಿಗೆ ವರ್ಗಾಯಿಸಲು ಕಾನೂನಿನಲ್ಲೇ ಅವಕಾಶ ಇದೆ. ರವಿಯ ಹೆಸರಲ್ಲಿ ಯಾರೋ ಹಿಂದೆ ಸುಳ್ಳು ಸಹಿ ಗೀಚಿದರೆ?

ನಡುವೆ ‘ಅಕೌಂಟ್ ಪೇಯೀ’

ಅದಕ್ಕೇ ಆ ಎರಡು ಗೆರೆಗಳ ನಡುವೆ ‘ಅಕೌಂಟ್ ಪೇಯೀ’ ಎಂದು ಬರೆಯುವುದು. ಈ ಎರಡು ಪದ ನಿಮ್ಮ ಬ್ಯಾಂಕಿಗಿಂತ ಜಾಸ್ತಿ ಹೇಳುವುದು ಚೆಕ್ ಜಮಾ ಮಾಡಿಸಿಕೊಳ್ಳುವ ಬ್ಯಾಂಕಿಗೆ: ಈ ಹಣ ಚೆಕ್‌ನಲ್ಲಿ ಹೆಸರಿರುವವರ ಖಾತೆಗೇ ಹೋಗಬೇಕು, ಬೇರೆಯವರ ಖಾತೆಗೆ ಅಲ್ಲ. ಹಾಗೆ ಬೇರೆಯವರ ಖಾತೆಗೆ ಜಮಾ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸ್ಪಷ್ಟವಾಗಿ ಹೇಳಿದೆ. ಮೀರಿ ಹಾಕಿಕೊಂಡರೆ ಆ ಬ್ಯಾಂಕೇ ಉತ್ತರ ಕೊಡಬೇಕಾಗುತ್ತದೆ.

ಒಂದು ವಿನಾಯಿತಿ ಇದೆ, ನಮ್ಮ ಊರುಗಳಲ್ಲಿ ಪತ್ತಿನ ಸಹಕಾರ ಸಂಘಗಳು ಬಹಳ ಇರುವುದರಿಂದ ಹೇಳಲೇಬೇಕು. ರವಿಯವರಿಗೆ ಬ್ಯಾಂಕ್ ಖಾತೆ ಇಲ್ಲ, ಸಂಘದಲ್ಲಿ ಮಾತ್ರ ಖಾತೆ ಇದೆ ಅಂದರೆ, 50,000 ರೂಪಾಯಿ ಮೀರದ ಅಕೌಂಟ್ ಪೇಯೀ ಚೆಕ್ ಅನ್ನು ಆ ಸಂಘದ ಬ್ಯಾಂಕ್ ಖಾತೆಯ ಮೂಲಕ ವಸೂಲು ಮಾಡಿಕೊಡಲು ಬ್ಯಾಂಕುಗಳಿಗೆ ಅನುಮತಿ ಇದೆ. ಕೊಡಲೇಬೇಕು ಅಂತಿಲ್ಲ, ಕೊಡಬಹುದು. ಆದ್ದರಿಂದ ಚೆಕ್ ಬರೆಯುವ ಮೊದಲು "ನಿಮ್ಮ ಖಾತೆ ಎಲ್ಲಿದೆ, ಯಾವ ಹೆಸರಲ್ಲಿದೆ" ಅಂತ ಒಂದು ಮಾತು ಕೇಳಿಬಿಡಿ.

ಹೆಸರು ಖಾತೆಯಲ್ಲಿ ಇದ್ದಂತೆಯೇ ಇರಲಿ. ಬರೆದಾದ ಮೇಲೆ ಉಳಿದ ಜಾಗಕ್ಕೆ ಒಂದು ಗೆರೆ ಎಳೆದುಬಿಡಿ, ಹಾಗೇ ಮುಂದುವರಿಸಿ ‘ಆರ್ ಬೇರರ್’ ಅನ್ನೂ ಹೊಡೆದುಹಾಕಿ. ಸುಮ್ನೆ ‘ಕೆ. ರವಿ’ ಅಂತ ಬರೆದು ಜಾಗ ಬಿಟ್ಟರೆ ‘ಕೆ. ರವಿಕುಮಾರ್’ ಆಗಲು ಎಷ್ಟು ಹೊತ್ತು ಬೇಕು? ಆಗ ಅಕೌಂಟ್ ಪೇಯೀ ಎಂಬ ಬೀಗ ಹಾಗೇ ಇರುತ್ತದೆ, ಕೀಲಿ ಮಾತ್ರ ಬೇರೆಯವನ ಕೈಯಲ್ಲಿ. ದೊಡ್ಡ ಸಂಸ್ಥೆಗೆ ಕೊಡುವಾಗ ಬರೀ ಸಂಸ್ಥೆಯ ಹೆಸರು ಸಾಲದು. ಪಾಲಿಸಿ ಹಣವಾದರೆ ಪಾಲಿಸಿ ನಂಬರ್, ಕ್ರೆಡಿಟ್ ಕಾರ್ಡ್ ಬಿಲ್ ಆದರೆ ಕಾರ್ಡ್ ನಂಬರ್ ಅದೇ ಸಾಲಿನಲ್ಲಿ ಸೇರಿಸಿ. ಇಲ್ಲದಿದ್ದರೆ ನಿಮ್ಮ ಚೆಕ್‌ನಿಂದ ಬೇರೆಯವರ ಬಿಲ್ ತೀರಬಹುದು.

ಮೊತ್ತ: ಮೋಸ ನಡೆಯುವುದು ಖಾಲಿ ಜಾಗದಲ್ಲಿ

ಈಗ ಮುಖ್ಯ ವಿಷಯ. ಎರಡು ಗೆರೆ, ಅಕೌಂಟ್ ಪೇಯೀ, ಸರಿಯಾದ ಹೆಸರು, ಎಲ್ಲ ಇದ್ದರೂ ಮೊತ್ತ ತಿದ್ದುವುದನ್ನು ಅವು ತಡೆಯುವುದಿಲ್ಲ. ಹಣ ಸರಿಯಾದ ಖಾತೆಗೇ ಹೋಗುತ್ತದೆ, 8,500 ಬದಲು 80,500 ಹೋಗುತ್ತದೆ, ಅಷ್ಟೇ.

ಹೇಗೆ ಅಂತ ನೋಡೋಣ. ಇಂಗ್ಲಿಷ್‌ನಲ್ಲಿ ‘ಏಯ್ಟ್ ಥೌಸಂಡ್ ಫೈವ್ ಹಂಡ್ರೆಡ್’ ಎಂದು ಪದಗಳ ನಡುವೆ ಧಾರಾಳವಾಗಿ ಜಾಗ ಬಿಟ್ಟು ಬರೆದಿದ್ದೀರಿ. ‘ಏಯ್ಟ್’ ಕೊನೆಗೆ ಒಂದು ವೈ ಅಕ್ಷರ ಸೇರಿಸಿದರೆ ‘ಏಯ್ಟಿ’ ಆಯಿತು. ಅಂಕಿಯ ಚೌಕದಲ್ಲಿ 8 ಮತ್ತು 500ರ ನಡುವೆ ಸಡಿಲ ಇದ್ದರೆ ಅಲ್ಲಿ ಒಂದು ಸೊನ್ನೆ. ಮುಗಿಯಿತು. ಸಿಕ್ಸ್, ಸೆವೆನ್, ನೈನ್ ಪದಗಳಿಗೂ ಇದೇ ಕಾಯಿಲೆ, ಕೊನೆಗೆ ಎರಡೇ ಅಕ್ಷರ ಸೇರಿದರೆ ಅರವತ್ತು, ಎಪ್ಪತ್ತು, ತೊಂಬತ್ತು.

ಚೆಕ್ ಅನ್ನು ಕನ್ನಡದಲ್ಲೂ ಬರೆಯಬಹುದು. ಕನ್ನಡದಲ್ಲಿ ಪದದ ಕೊನೆಗೆ ಸೇರಿಸುವ ಆಟ ನಡೆಯುವುದು ಕಷ್ಟ, ಎಂಟು ಎಂಬತ್ತಾಗಲು ಪದವೇ ಬದಲಾಗಬೇಕು. ಆದರೆ ಮುಂದೆ ಸೇರಿಸುವ ಆಟ ಸಲೀಸು. ಸಾಲಿನ ಶುರುವಿನಲ್ಲಿ ಜಾಗ ಬಿಟ್ಟಿದ್ದರೆ ‘ಎಂಟು ಸಾವಿರದ ಐನೂರು’ ಮುಂದೆ ‘ಒಂದು ಲಕ್ಷದ’ ಕೂರುತ್ತದೆ. ಅದಕ್ಕಿಂತ ಅಪಾಯ, ನಾವು ಮಾತಾಡುವ ಹಾಗೆ ‘ಸಾವಿರದ ಇನ್ನೂರು’ ಎಂದು ಬರೆಯುವುದು. ಅದರ ಮುಂದೆ ‘ಐವತ್ತು’ ಅಂತ ಒಂದು ಪದ ಹಾಕಿದರೆ ಅದು ನೇರವಾಗಿ 50,200 ಆಗುತ್ತದೆ. ‘ಒಂದು ಸಾವಿರದ ಇನ್ನೂರು’ ಎಂದೇ ಬರೆಯಿರಿ. ಇಂಗ್ಲಿಷ್‌ನಲ್ಲೂ ಅಷ್ಟೇ, ಹಂಡ್ರೆಡ್, ಥೌಸಂಡ್ ಅಂತ ಶುರು ಮಾಡದೆ ಮುಂದೆ ‘ವನ್’ ಹಾಕಿ.

ಹಾಗಾದರೆ ಸರಿಯಾಗಿ ಬರೆಯುವುದು ಹೀಗೆ. ‘ರುಪೀಸ್’ ಎಂದು ಅಚ್ಚಾಗಿರುವ ಪದಕ್ಕೆ ತಾಗಿಕೊಂಡೇ ಮೊದಲ ಪದ ಶುರುವಾಗಬೇಕು, ಬೆರಳು ತೂರುವಷ್ಟೂ ಜಾಗ ಬೇಡ. ಪದಗಳು ಒತ್ತೊತ್ತಾಗಿರಲಿ. ಮುಗಿದ ಕೂಡಲೇ ‘ಮಾತ್ರ’ ಅಥವಾ ‘ಓನ್ಲಿ’, ಅದರ ಹಿಂದೆಯೇ ಸಾಲಿನ ಕೊನೆಯವರೆಗೆ ಒಂದು ಗೆರೆ. ಮೊತ್ತ ಎರಡನೇ ಸಾಲಿಗೆ ಹೋಗದಿದ್ದರೆ ಆ ಖಾಲಿ ಸಾಲಿಗೂ ಒಂದು ಗೆರೆ. ಅಂಕಿಯ ಚೌಕದಲ್ಲಿ ₹ ಗುರುತಿಗೆ ಅಂಟಿಕೊಂಡಂತೆ 8 ಬರೆದು, ಅಲ್ಪವಿರಾಮ ಹಾಕಿ, 500 ಬರೆದು, ತಕ್ಷಣ /- ಎಳೆಯಿರಿ. 1 ಅನ್ನು ಬರೀ ಕಡ್ಡಿಯಂತೆ ಬರೆದರೆ 4, 7 ಅಥವಾ 9 ಆಗಬಹುದು, ಅದಕ್ಕೆ ಮೇಲೆ ಕೊಕ್ಕೆ, ಕೆಳಗೆ ಅಡ್ಡಗೆರೆ ಹಾಕಿದರೆ ಒಳ್ಳೆಯದು.

ಅಂಕಿ ಒಂದು, ಅಕ್ಷರ ಇನ್ನೊಂದು ಆದರೆ ಕಾನೂನಿನ ಪ್ರಕಾರ ಅಕ್ಷರದಲ್ಲಿರುವ ಮೊತ್ತಕ್ಕೇ ಬೆಲೆ. ವಾಸ್ತವದಲ್ಲಿ ಬ್ಯಾಂಕು ಅಂಥ ಚೆಕ್ ಅನ್ನು ಸಾಮಾನ್ಯವಾಗಿ ವಾಪಸ್ ಕಳಿಸುತ್ತದೆ. ಆದರೂ ಅಕ್ಷರದ ಸಾಲನ್ನು ಖಾಲಿ ಬಿಟ್ಟು ಸಹಿ ಹಾಕಿದರೆ ಏನಾಗುತ್ತದೆ ಅನ್ನುವುದಕ್ಕೆ 1918ರ ಒಂದು ಬ್ರಿಟಿಷ್ ತೀರ್ಪು ಇದೆ, ಮ್ಯಾಕ್‌ಮಿಲನ್ ಕೇಸ್ ಅಂತಲೇ ಪ್ರಸಿದ್ಧ. ಲಂಡನ್ನಿನ ಒಂದು ಕಂಪನಿಯಲ್ಲಿ ಗುಮಾಸ್ತ 2 ಪೌಂಡ್‌ನ ಬೇರರ್ ಚೆಕ್ ತಂದು, ಹೊರಗೆ ಹೊರಟಿದ್ದ ಪಾಲುದಾರರಿಂದ ಸಹಿ ಹಾಕಿಸಿಕೊಂಡ. ಅಕ್ಷರದ ಸಾಲು ಖಾಲಿ. ಅಂಕಿಯ 2ರ ಎರಡೂ ಕಡೆ ಜಾಗ. ಅವನು 2ರ ಎಡಕ್ಕೆ 1, ಬಲಕ್ಕೆ 0 ಹಾಕಿ 120 ಮಾಡಿ, ಅಕ್ಷರದಲ್ಲೂ ಅದನ್ನೇ ಬರೆದು ಕೌಂಟರಿನಲ್ಲಿ ಹಣ ಪಡೆದು ಹೋದ. ಅಲ್ಲಿನ ಹೌಸ್ ಆಫ್ ಲಾರ್ಡ್ಸ್, ತಿದ್ದಲು ಅನುಕೂಲ ಮಾಡಿಕೊಟ್ಟಿದ್ದು ಗ್ರಾಹಕರೇ, ನಷ್ಟವೂ ಅವರದೇ ಎಂದಿತು. ನಮ್ಮ ಕಾಯ್ದೆಯ 89ನೇ ಸೆಕ್ಷನ್ ಕೂಡ, ತಿದ್ದಿದ್ದು ನೋಡಿದರೆ ಗೊತ್ತಾಗದಂತಿದ್ದು ಬ್ಯಾಂಕು ಸರಿಯಾದ ಕ್ರಮದಲ್ಲಿ ಹಣ ಕೊಟ್ಟಿದ್ದರೆ ಬ್ಯಾಂಕಿಗೆ ರಕ್ಷಣೆ ಕೊಡುತ್ತದೆ. ಖಾಲಿ ಜಾಗದಲ್ಲಿ ತುಂಬಿಸಿದ ಒಂದು ಅಕ್ಷರ ನೋಡಿದರೆ ಎಲ್ಲಿ ಗೊತ್ತಾಗುತ್ತದೆ?

ಪೆನ್ನು ನಿಮ್ಮದೇ ಇರಲಿ

ಸಾಲ ಕೊಡಿಸುತ್ತೇವೆ, ದಾಖಲೆ ತೆಗೆದುಕೊಳ್ಳುತ್ತೇವೆ ಎಂದು ಮನೆಗೆ ಬರುವವರು ಚೆಕ್ ತುಂಬಲು ತಮ್ಮ ಪೆನ್ನು ಕೊಟ್ಟರೆ ಮುಟ್ಟಬೇಡಿ. ಬಿಸಿ ತಾಗಿದರೆ ಮಾಯವಾಗುವ ಶಾಯಿಯ ಪೆನ್ನು ಅಂಗಡಿಯಲ್ಲೇ ಸಿಗುತ್ತದೆ. ಹೆಸರು, ಮೊತ್ತ, ‘ಕ್ಯಾನ್ಸಲ್ಡ್’ ಎಂಬ ಪದ ಎಲ್ಲವನ್ನೂ ಅದರಲ್ಲಿ ಬರೆಸಿ, ಸಹಿಗೆ ಮಾತ್ರ ಬೇರೆ ಪೆನ್ನು ಕೊಡುವುದು ಈ ಮೋಸಗಾರರ ರೂಢಿ. ನೀಲಿ ಅಥವಾ ಕಪ್ಪು ಬಾಲ್ ಪೆನ್ನಿನಲ್ಲಿ, ಒತ್ತಿ ಬರೆಯಿರಿ. ಕ್ಯಾನ್ಸಲ್ ಮಾಡಿದ ಚೆಕ್ ಕೇಳಿದರೆ ಅಡ್ಡಲಾಗಿ ದೊಡ್ಡದಾಗಿ ಬರೆದು ಕೊಡಿ, ಅದಕ್ಕೆ ಸಹಿ ಬೇಕಿಲ್ಲ.

ತಪ್ಪಾದರೆ ತಿದ್ದಿ ಪಕ್ಕದಲ್ಲಿ ಸಹಿ ಹಾಕುವ ಹಳೇ ಅಭ್ಯಾಸ ಈಗ ನಡೆಯುವುದಿಲ್ಲ. ಚೆಕ್‌ನ ಚಿತ್ರ ಮಾತ್ರ ಕ್ಲಿಯರಿಂಗ್‌ಗೆ ಹೋಗುವ ಸಿಟಿಎಸ್ ವ್ಯವಸ್ಥೆಯಲ್ಲಿ ಹೆಸರು, ಮೊತ್ತ ತಿದ್ದಿದ ಚೆಕ್ ವಾಪಸ್ ಬರುತ್ತದೆ. ದಿನಾಂಕವನ್ನು ಮುಂದುವರಿಸುವ ತಿದ್ದುಪಡಿಗೆ ಮಾತ್ರ ವಿನಾಯಿತಿ. ಇನ್ನೊಂದು ಹಾಳೆ ತೆಗೆದುಕೊಳ್ಳಿ, ಹಾಳಾದದ್ದನ್ನು ಚೂರು ಚೂರು ಮಾಡಿ. ಹಾಗೇ ಕೆಳಗಿನ ಬಿಳಿ ಪಟ್ಟಿಯಲ್ಲಿ, ಅಂದರೆ ನಂಬರುಗಳು ಅಚ್ಚಾಗಿರುವಲ್ಲಿ, ಏನೂ ಬರೆಯಬೇಡಿ, ಸಹಿಯೂ ಅಲ್ಲಿಗೆ ಇಳಿಯದಿರಲಿ. ಸಹಿ ಹಾಕುವುದು ಎಲ್ಲ ತುಂಬಿ ಒಮ್ಮೆ ಓದಿದ ಮೇಲೆ.

ಕೊಟ್ಟ ಮೇಲೆ

ಚೆಕ್ ನಂಬರ್, ದಿನಾಂಕ, ಹೆಸರು, ಮೊತ್ತವನ್ನು ಚೆಕ್ ಪುಸ್ತಕದ ಪಟ್ಟಿಯಲ್ಲಿ ಬರೆದಿಡಿ ಅಥವಾ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ. 50,000 ರೂಪಾಯಿ ಮತ್ತು ಮೇಲ್ಪಟ್ಟ ಚೆಕ್‌ಗಳಿಗೆ 2021ರ ಜನವರಿಯಿಂದ ಪಾಸಿಟಿವ್ ಪೇ ಇದೆ. ಇದೇ ವಿವರಗಳನ್ನು ಬ್ಯಾಂಕಿನ ಆ್ಯಪ್, ನೆಟ್ ಬ್ಯಾಂಕಿಂಗ್ ಅಥವಾ ಶಾಖೆಯಲ್ಲಿ ಮೊದಲೇ ತಿಳಿಸಿಟ್ಟರೆ, ಕ್ಲಿಯರಿಂಗ್‌ಗೆ ಬಂದ ಚೆಕ್ ಅದಕ್ಕೆ ಹೊಂದುತ್ತದಾ ಅಂತ ನೋಡಿ ಮುಂದುವರಿಯುತ್ತಾರೆ. 5 ಲಕ್ಷ ಮತ್ತು ಮೇಲಿನ ಮೊತ್ತಕ್ಕೆ ಬ್ಯಾಂಕುಗಳು ಇದನ್ನು ಕಡ್ಡಾಯ ಮಾಡಬಹುದು, ನಿಮ್ಮ ಬ್ಯಾಂಕಿನ ನಿಯಮ ಕೇಳಿಕೊಳ್ಳಿ. ನಮ್ಮ 8,500ರ ಚೆಕ್‌ಗೆ ಈ ತಪಾಸಣೆ ಇಲ್ಲ, ಅಲ್ಲಿ ನೀವು ಬರೆದ ರೀತಿಯೇ ಕಾವಲು.

ರವಿಯವರು ಫೋನ್ ಮಾಡಿ "ಸಾರ್, ಚೆಕ್ ಕಳೆದುಹೋಯ್ತು" ಅಂದರೆ ಎರಡನೇ ಚೆಕ್ ಬರೆಯುವ ಮೊದಲು ಸ್ಟಾಪ್ ಪೇಮೆಂಟ್ ಕೊಡಿ. ಆ್ಯಪ್‌ನಲ್ಲಿ ಚೆಕ್ ನಂಬರ್ ಹಾಕಿದರೆ ಆಗುತ್ತದೆ, ಇಲ್ಲವಾದರೆ ಶಾಖೆಗೆ ಒಂದು ಪತ್ರ. ಚೆಕ್ ಆಗಲೇ ಪಾಸಾಗಿದೆಯೇ ಅಂತ ಖಾತೆಯ ಸ್ಟೇಟ್‌ಮೆಂಟ್ ನೋಡಿಕೊಳ್ಳಿ, ಸ್ಟಾಪ್ ಆಗಿದೆ ಎಂಬ ಮೆಸೇಜ್ ಬಂದ ಮೇಲೆ ಹೊಸದನ್ನು ಬರೆಯಿರಿ.