ಐದು ಬಂಗಡೆ ಬುಟ್ಟಿಯಲ್ಲಿವೆ

ಕಾರವಾರದ ಹತ್ತಿರ, ಕಡಲಿಗೆ ತಾಗಿದ ಊರಲ್ಲಿ ನನ್ನ ಅಂಗನವಾಡಿ. ಮಕ್ಕಳು ನನ್ನನ್ನು ಅಕ್ಕೋರು ಅಂತಾರೆ. ಒಂದು ಸಲ ನನ್ನ ಕೈಗೆ ಒಂದು ಇಂಗ್ಲಿಷ್ ಎಣಿಕೆ ಹಾಡು ಬಂತು. ಐದು ಮಕ್ಕಳು ದೋಣಿಯಲ್ಲಿ ಕೂತಿರುತ್ತಾರೆ, ಒಬ್ಬೊಬ್ಬರೇ ಇಳಿದು ಹೋಗುತ್ತಾರೆ, ಕೊನೆಗೆ ಯಾರೂ ಇರುವುದಿಲ್ಲ. ಜೊತೆಗೆ ಯಾರೋ ಮಾಡಿದ ಕನ್ನಡ ಅನುವಾದವೂ ಇತ್ತು. ‘ಐವರು ಮಕ್ಕಳು, ನಾಲ್ವರು ಮಕ್ಕಳು, ಮೂವರು ಮಕ್ಕಳು.’

ವ್ಯಾಕರಣ ಸರಿಯಾಗಿಯೇ ಇತ್ತು. ಆದರೆ ಹಾಡು ಪೂರ್ತಿ ಮುಗಿದರೂ ಐದು, ನಾಲ್ಕು, ಮೂರು ಅನ್ನುವ ಶಬ್ದ ಒಮ್ಮೆಯೂ ಮಕ್ಕಳ ಕಿವಿಗೆ ಬೀಳಲಿಲ್ಲ! ಕನ್ನಡದಲ್ಲಿ ಮನುಷ್ಯರನ್ನು ಎಣಿಸುವ ಶಬ್ದಗಳೇ ಬೇರೆ, ಅಲ್ವಾ? ಒಬ್ಬ, ಇಬ್ಬರು, ಮೂವರು. ಅದೂ ಐವರ ತನಕ, ಮುಂದೆ ಆರು ಜನ, ಏಳು ಜನ. ಅಂಕಿ ಕಲಿಯಬೇಕಾದ ಮಗುವಿಗೆ ಇದು ಸುಮ್ನೆ ಗೊಂದಲ. ಹಾಗಾಗಿ ಮೊದಲು ಆ ಮಕ್ಕಳನ್ನು ದೋಣಿಯಿಂದ ಇಳಿಸಿದೆ.

ಕಡಲ ದಂಡೆ ಅಂದಮೇಲೆ ಏಡಿ ಇರಲಿ ಅಂತ ‘ಐದು ಏಡಿ’ ಮಾಡಿದೆ. ಹೇಳಿಕೊಟ್ಟ ಮರುದಿನ ಒಬ್ಬ ಪೋರ ಕೇಳಿದ, “ಅಕ್ಕೋರೆ, ಡಿ ಅಂದ್ರೆ ಎಂತಾ?” ಹಾಡುವಾಗ ಅದು ‘ಐದೇಡಿ’ ಆಗಿತ್ತು. ಅವನ ಕಿವಿಗೆ ಅದು ‘ಐದೇ’ ಮತ್ತು ‘ಡಿ’. ಕನ್ನಡದಲ್ಲಿ ಒಂದರಿಂದ ಹತ್ತರ ತನಕದ ಅಂಕಿಗಳೆಲ್ಲ ಉಕಾರದಲ್ಲೇ ಮುಗಿಯುತ್ತವೆ. ಮುಂದಿನ ಶಬ್ದ ಸ್ವರದಿಂದ ಶುರುವಾದರೆ ಆ ಉಕಾರ ಬಿದ್ದುಹೋಗುತ್ತದೆ. ಶಾಲೆಯಲ್ಲಿ ಲೋಪಸಂಧಿ ಅಂತ ಕಲಿತಿದ್ದೆ, ಅದು ಹೀಗೆ ಕಾಲಿಗೆ ತೊಡರುತ್ತದೆ ಅಂತ ಗೊತ್ತಿರಲಿಲ್ಲ. ಆನೆ, ಆಮೆ, ಇಲಿ ಎಲ್ಲವೂ ಅಲ್ಲಿಗೆ ಹೋದವು.

ಆಮೇಲೆ ದೋಣಿಯನ್ನೇ ಎಣಿಸುವ ಅಂದುಕೊಂಡೆ. ‘ಮೂರು ದೋಣಿ’ ಅಂದಾಗ ಎರಡು ಮೂರು ಮಕ್ಕಳು ಎರಡು ಬೆರಳು ಎತ್ತಿದರು. ಯಾಕೆ ಅಂತ ನನಗೆ ಹೊಳೆಯಲೇ ಇಲ್ಲ. ಹೇಳಿದ್ದು ನಮ್ಮ ಸಹಾಯಕಿ. “ಅಕ್ಕೋರೆ, ಇವ್ರ ಮನೇಲಿ ಕೊಂಕಣಿ. ದೋನ್ ಅಂದ್ರೆ ಎರಡಲ್ವಾ?”

ಕೊನೆಗೆ ಬುಟ್ಟಿಯಲ್ಲಿ ನಿಂತಿದ್ದು ಬಂಗಡೆ. ಕೊಂಕಣಿ ಮನೆಯಲ್ಲೂ ಅದು ಹೆಚ್ಚುಕಡಿಮೆ ಇದೇ ಹೆಸರು. ಶುರುವಲ್ಲಿ ವ್ಯಂಜನ ಇದೆ, ಯಾವ ಅಂಕಿಯ ಹಾಗೂ ಕೇಳಿಸುವುದಿಲ್ಲ. ಅದನ್ನು ಗುನುಗುತ್ತಾ ಕೈಬೆರಳಲ್ಲಿ ಮಾತ್ರೆ ಲೆಕ್ಕ ಹಾಕಿದಾಗ ನನಗೇ ಆಶ್ಚರ್ಯ ಆಯಿತು. ‘ಒಂದು’ ಮೂರು ಮಾತ್ರೆ. ‘ಎರಡು’ ಮೂರು. ‘ಮೂರು’, ‘ನಾಲ್ಕು’, ‘ಐದು’ ಎಲ್ಲವೂ ಮೂರೇ. ಹೀಗೆ ಎಂಟರ ತನಕ, ಮತ್ತೆ ಹತ್ತು, ಸೊನ್ನೆ ಕೂಡ. ನಮ್ಮ ಮಕ್ಕಳು ‘ನಾಕು’, ‘ಎರ್ಡು’ ಅಂದರೂ ಲೆಕ್ಕ ತಪ್ಪುವುದಿಲ್ಲ, ಅವೂ ಮೂರು ಮಾತ್ರೆ. ‘ಬಂಗಡೆ’ ನಾಲ್ಕು. ಮೂರು ಮತ್ತು ನಾಲ್ಕು ಅಂದರೆ ಭಾಮಿನಿ ಷಟ್ಪದಿಯ ನಡೆ. ಇಂಗ್ಲಿಷ್ ಧಾಟಿಯನ್ನು ಅಲ್ಲಿಗೇ ಬಿಟ್ಟೆ. ಅಂಕಿ ಬದಲಾದರೂ ಸಾಲು ಕುಂಟದ ನಡೆ ಕೈಯಲ್ಲೇ ಇರುವಾಗ ಅದು ಯಾಕೆ ಬೇಕು?

ಐದು ಬಂಗಡೆ ಬುಟ್ಟಿಯಲ್ಲಿವೆ
ಬೆಕ್ಕು ಬಂದಿತು, ಕಚ್ಚಿ ಓಡಿತು
ಈಗ ಎಣಿಸುವ, ಎಷ್ಟು ಉಳಿಯಿತು?

ಮುಂದಿನ ಪದ್ಯ ‘ನಾಲ್ಕು ಬಂಗಡೆ’ಯಿಂದ ಶುರು. ಒಂದಕ್ಕೆ ಬಂದಾಗ ‘ಬುಟ್ಟಿಯಲ್ಲಿದೆ’. ಕೊನೆಯ ಸಾಲು ‘ಸೊನ್ನೆ ಬಂಗಡೆ, ಖಾಲಿ ಬುಟ್ಟಿಯು’. ಎಣಿಸೋಣ ಅಂತ ಬರೆದರೆ ಐದು ಮಾತ್ರೆ ಆಗುತ್ತಿತ್ತು. ನಮ್ಮ ಕರಾವಳಿಯ ‘ಎಣಿಸುವ’ ಸರಿಯಾಗಿ ನಾಲ್ಕಕ್ಕೆ ಕೂತಿತು.

ಎರಡನೇ ಸಾಲಿನಲ್ಲಿ ಮೊದಲು ‘ಒಂದು ಹೋಯಿತು’ ಅಂತ ಇತ್ತು. ಮಾತ್ರೆ ಸರಿ, ಅರ್ಥವೂ ಸರಿ. ಆದರೆ ಮಕ್ಕಳು ‘ಐದು, ಒಂದು, ನಾಲ್ಕು, ಒಂದು, ಮೂರು’ ಅಂತ ಬಾಯಿಪಾಠ ಮಾಡತೊಡಗಿದರು. ಅದಕ್ಕೇ ಒಂದು ಪದ್ಯಕ್ಕೆ ಒಂದೇ ಅಂಕಿ ಇಟ್ಟುಕೊಂಡೆ. ಎಷ್ಟು ಹೋಯಿತು ಅನ್ನುವುದನ್ನು ಕೈ ತೋರಿಸುತ್ತದೆ. ಬೆಕ್ಕಾದ ಮಗು ಬುಟ್ಟಿಯಿಂದ ಒಂದು ರಟ್ಟಿನ ಬಂಗಡೆ ಎತ್ತಿಕೊಂಡು ಓಡುತ್ತದೆ.

ಅಂಕಿಯನ್ನು ಸಾಲಿನ ಕೊನೆಗೆ ಇಡದೆ ಮೊದಲಿಗೆ ಇಟ್ಟಿದ್ದಕ್ಕೂ ಕಾರಣ ಇದೆ. ಕೊನೆಯಲ್ಲಿ ಪ್ರಾಸಕ್ಕೆ ಇಟ್ಟರೆ ‘ಊರು’ ಜೊತೆ ಮೂರೂ ಹೊಂದುತ್ತದೆ, ಆರೂ ಹೊಂದುತ್ತದೆ, ನೂರೂ ಹೊಂದುತ್ತದೆ. ಮಗು ಯಾವುದನ್ನು ಹಾಕಿದರೂ ಕಿವಿಗೆ ತಪ್ಪು ಅನಿಸುವುದಿಲ್ಲ. ಪ್ರಾಸದ ಕೆಲಸ ಬಂದಿತು, ಓಡಿತು, ಉಳಿಯಿತುಗಳೇ ಮಾಡಿಕೊಳ್ಳಲಿ.

ಮೂರನೇ ಸಾಲು ಆದಮೇಲೆ ಹಾಡು ನಿಲ್ಲುತ್ತದೆ. ಇದು ಮುಖ್ಯ. ತಾಳ ಹಾಕುತ್ತಾ ಎಣಿಸಲು ಬಿಟ್ಟರೆ ಮಕ್ಕಳು ಅಕ್ಷರಕ್ಕೊಂದು ಚಪ್ಪಾಳೆ ತಟ್ಟುತ್ತಾರೆ. ‘ಎ-ರ-ಡು’ ಅನ್ನುವಷ್ಟರಲ್ಲಿ ಬೆರಳು ಮೂರು ಮೀನು ದಾಟಿರುತ್ತದೆ. ಅದಕ್ಕೆ ಉಳಿದ ಬಂಗಡೆಗಳನ್ನು ಒಂದೊಂದಾಗಿ ಚಾಪೆಗೆ ಹಾಕಿಸುತ್ತೇನೆ. ಮೀನು ಕೈಬಿಟ್ಟಾಗ ಒಂದು ಶಬ್ದ. ಅದು ಕೆಳಗೆ ಬೀಳುವ ತನಕ ಇನ್ನೊಂದು ಶಬ್ದ ಇಲ್ಲ. ಎಲ್ಲ ಹಾಕಿ ಆದಮೇಲೆ ಕೇಳುತ್ತೇನೆ, “ಹಾಗಾದ್ರೆ ಎಷ್ಟು?” ಕೆಲವರು ಮತ್ತೆ ಒಂದರಿಂದ ಶುರು ಮಾಡುತ್ತಾರೆ. ಎಣಿಕೆಯ ಕೊನೆಯ ಶಬ್ದವೇ ಒಟ್ಟು ಲೆಕ್ಕ ಅನ್ನುವುದು ಅವರಿಗೆ ಇನ್ನೂ ಹತ್ತಿಲ್ಲ ಅಂತ ಅರ್ಥ. ಮನಶ್ಶಾಸ್ತ್ರಜ್ಞರಾದ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ 1978ರಲ್ಲೇ ಇದನ್ನು ಎಣಿಕೆಯ ಒಂದು ಪ್ರತ್ಯೇಕ ತತ್ವ ಅಂತ ಹೇಳಿದ್ದಾರೆ.

ಎರಡು ವಾರದಲ್ಲಿ ಎಲ್ಲರಿಗೂ ಹಾಡು ಬಾಯಿಗೆ ಬಂತು. ನನಗೆ ಖುಷಿಯೋ ಖುಷಿ. ಆಮೇಲೆ, ಎಲ್ಲರಿಗಿಂತ ಜೋರಾಗಿ ಹಾಡುವ ಹುಡುಗಿಗೆ “ಮೂರು ಬಂಗಡೆ ಕೊಡು ಮಗಾ” ಅಂದೆ. ಕೈಗೆ ಸಿಕ್ಕಷ್ಟು ಬಾಚಿ ಕೊಟ್ಟಳು. ಅವಳಿಗೆ ಗೊತ್ತಿದ್ದದ್ದು ಐದಾದ ಮೇಲೆ ನಾಲ್ಕು ಅನ್ನುವ ಹಾಡಿನ ಸಾಲು ಅಷ್ಟೇ. ಆವತ್ತಿನಿಂದ ಆಗಾಗ ಬೆಕ್ಕಿಗೆ ಹೊಟ್ಟೆಬಾಕತನ ಹತ್ತಿಸುತ್ತೇನೆ. ‘ಬೆಕ್ಕು ಬಂದಿತು, ಎರಡು ಕಚ್ಚಿತು.’ ಒಂದೇ ಅಂಕಿ ಅನ್ನುವ ನಿಯಮ ಆ ದಿನ ಮುರಿಯುತ್ತದೆ, ಬೇಕಂತಲೇ. ಬುಟ್ಟಿ ನೋಡದೆ ‘ನಾಲ್ಕು ಬಂಗಡೆ’ ಅಂತ ಮುಂದುವರಿಸಿದ ಮಗು ಹಾಡುತ್ತಿದೆ, ಎಣಿಸುತ್ತಿಲ್ಲ. ಹುಡುಗಿ ಮೂರು ಸಲ ಹಾಗೇ ಹಾಡಿದಳು. ನಾಲ್ಕನೇ ಸಲ ಬಾಯಿ ತೆರೆದವಳು ತಡೆದು ಬುಟ್ಟಿಯೊಳಗೆ ಬಗ್ಗಿ ನೋಡಿದಳು.

ಹತ್ತರಿಂದ ಶುರು ಮಾಡುವ ಆಸೆಯೂ ಇತ್ತು. ‘ಒಂಬತ್ತು’ ಕೈಕೊಟ್ಟಿತು, ಅದಕ್ಕೆ ಐದು ಮಾತ್ರೆ. ಆ ಒಂದು ಶಬ್ದವನ್ನು ರಾಗ ಬಿಟ್ಟು ಎಲ್ಲರೂ ಕೂಗಿ ಹೇಳುತ್ತೇವೆ, ಬೇರೆ ದಾರಿ ಸಿಗಲಿಲ್ಲ. ‘ಏಳು ಬಂಗಡೆ’ ಅಂದಾಗ ಅರ್ಧ ಮಕ್ಕಳು ಎದ್ದು ನಿಲ್ಲುತ್ತಾರೆ. ಅದನ್ನು ನಾನು ತಿದ್ದಲು ಹೋಗಿಲ್ಲ.

ಶಿರಸಿ ಕಡೆಯ ಗೆಳತಿಯೊಬ್ಬಳು ಹಾಡು ಕೇಳಿ ತನ್ನ ಮಕ್ಕಳಿಗೂ ಬೇಕು ಅಂದಳು. ಅಲ್ಲಿ ಬಂಗಡೆ ನಡೆಯುವುದಿಲ್ಲ. ಅಡಿಕೆ ಹಾಕಿ ನೋಡಿದಳು, ‘ಐದಡಿಕೆ’ ಆಯಿತು. ನಾಲ್ಕು ಮಾತ್ರೆಯ, ವ್ಯಂಜನದಿಂದ ಶುರುವಾಗುವ ಶಬ್ದ ಹುಡುಕು ಅಂದೆ. ಸಂಜೆ ಫೋನ್ ಬಂತು, “ಹೋಳಿಗೆ!” ಬೆಕ್ಕಿನ ಜಾಗಕ್ಕೆ ಕಾಗೆ ಬಂತು. ‘ಕಾಗೆ ಬಂದಿತು, ಕಚ್ಚಿ ಹಾರಿತು.’ ಹೋಳಿಗೆಗಳನ್ನು ಅವಳು ತೆಳು ಕಾಗದದಲ್ಲಿ ಕತ್ತರಿಸಿದ್ದಳು. ಮೊದಲ ದಿನವೇ ಕಾಗೆಯಾದವ ಒಂದನ್ನು ಹರಿದು, ಎರಡು ತುಂಡನ್ನೂ ಎಣಿಸಿ ಆರು ಅಂದನಂತೆ. ಈಗ ರಟ್ಟಿನಲ್ಲಿ ಮಾಡಿಕೊಂಡಿದ್ದಾಳೆ.