ಅತಿ ಎತ್ತರದ ಕಂಬದ ಹೆಸರು ‘ಇತರೆ’

ಆನ್‌ಲೈನ್‌ನಲ್ಲಿ ಮನೆ ಸಾಮಾನು ಮಾರುವ ಕಂಪನಿಯೊಂದರಲ್ಲಿ ದೂರುಗಳನ್ನು ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಮೂರು ತಿಂಗಳಲ್ಲಿ 400 ದೂರು ಬಂದಿದ್ದವು. ಮೊದಲು ಯಾವುದಕ್ಕೆ ಕೈ ಹಾಕಬೇಕು ಅಂತ ಮೀಟಿಂಗ್‌ನಲ್ಲಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಹಿಂದಿನ ದಿನ ಯಾರಿಗೆ ಬೈಗುಳ ಬಿದ್ದಿತ್ತೋ ಅವರದೇ ದನಿ ಜೋರು. ಜಗಳ ಯಾಕೆ, ಪ್ಯಾರೆಟೋ ಚಾರ್ಟ್ ಹಾಕಿ ನೋಡೋಣ ಅಂದೆ.

ಚಾರ್ಟ್ ಮಾಡುವುದು ಹತ್ತು ನಿಮಿಷದ ಕೆಲಸ. ದೂರುಗಳನ್ನು ಬಗೆಬಗೆಯಾಗಿ ಎಣಿಸಿ, ಜಾಸ್ತಿ ಇರುವುದರಿಂದ ಕಡಿಮೆ ಇರುವುದಕ್ಕೆ ಕಂಬಗಳನ್ನು ಸಾಲಾಗಿ ನಿಲ್ಲಿಸಬೇಕು. ಅದರ ಮೇಲೆ, ಇಲ್ಲಿಯವರೆಗಿನ ಕಂಬಗಳೆಲ್ಲ ಸೇರಿ ಶೇಕಡಾ ಎಷ್ಟಾಯಿತು ಅನ್ನುವ ಗೆರೆ. ಎಣಿಕೆ ಎಕ್ಸೆಲ್‌ನ B ಕಾಲಂನಲ್ಲಿದ್ದು, ಆರು ಬಗೆ ಇದ್ದರೆ, ಆ ಗೆರೆಗೆ ಬೇಕಾದ ಸೂತ್ರ ಇಷ್ಟೇ, ಎರಡನೇ ಸಾಲಿನಲ್ಲಿ ಹಾಕಿ ಏಳನೆಯದರವರೆಗೆ ಎಳೆಯಬೇಕು:

```
=SUM(B$2:B2)/SUM(B$2:B$7)
```

ಹಾಕಿದೆ. ಅತಿ ಎತ್ತರದ ಕಂಬ ಯಾವುದು ಗೊತ್ತಾ? ‘ಇತರೆ’. 124 ದೂರು ಅದರಲ್ಲೇ ಇದ್ದವು. ‘ಇತರೆ’ಯನ್ನು ಸರಿಪಡಿಸಿ ಅಂತ ಯಾರಿಗೆ ಹೇಳುವುದು?

ಎರಡು ಮಧ್ಯಾಹ್ನ ಕೂತು ಆ 124ನ್ನೂ ಓದಿದೆ. ಒಂದರಲ್ಲಿ ಹೀಗಿತ್ತು: “ಬಾಕ್ಸ್ ಚೆನ್ನಾಗೇ ಇದೆ, ಒಳಗೆ ಗಾಜಿನ ಮುಚ್ಚಳ ಎರಡು ತುಂಡು.” ಇದು ‘ಒಡೆದ ಸಾಮಾನು’ ಅಲ್ವಾ? ದೂರು ಬರೆದುಕೊಳ್ಳುತ್ತಿದ್ದ ಹುಡುಗಿಯನ್ನು ಕೇಳಿದೆ. “ಮೇಡಂ, ಡ್ರಾಪ್‌ಡೌನ್‌ನಲ್ಲಿ ಮೊದಲಿಗೆ ‘ಇತರೆ’ನೇ ಇರುತ್ತೆ. ಲೈನ್‌ನಲ್ಲಿ ಇನ್ನೊಬ್ಬರು ಕಾಯ್ತಿದ್ರೆ ಹಾಗೇ ಸೇವ್ ಮಾಡಿಬಿಡ್ತೀವಿ” ಅಂದಳು. ಅವಳದೇನೂ ತಪ್ಪಿಲ್ಲ. ಡ್ರಾಪ್‌ಡೌನ್‌ನ ಮೊದಲ ಜಾಗ ಖಾಲಿ ಇರುವಂತೆ ಮಾಡಿಸಿದೆ. ಓದಿದ ದೂರುಗಳನ್ನು ಅವುಗಳ ಸರಿಯಾದ ಬಗೆಗೆ ಸೇರಿಸಿದೆ.

ಇನ್ನೊಂದು ಎಡವಟ್ಟೂ ಕಣ್ಣಿಗೆ ಬಿತ್ತು. ಒಬ್ಬರೇ ನಾಲ್ಕು ಸಲ ಫೋನ್ ಮಾಡಿದ್ದರೆ ನಾಲ್ಕು ದೂರು ಅಂತ ಲೆಕ್ಕವಾಗಿತ್ತು. ಆರ್ಡರ್ ನಂಬರ್ ಹಿಡಿದು, ಅದೇ ದೂರು ಮತ್ತೆ ಬಂದಿದ್ದನ್ನು ತೆಗೆದೆ. 320 ಉಳಿಯಿತು. ಈ ಸಲ ಒಡೆದ ಸಾಮಾನು 128, ಡೆಲಿವರಿ ತಡ 79, ರೀಫಂಡ್ ತಡ 44, ತಪ್ಪು ಸಾಮಾನು 30, ಬಿಲ್ ಗೊಂದಲ 21. ‘ಇತರೆ’ 18ಕ್ಕೆ ಇಳಿಯಿತು. ಅದು ಎಷ್ಟೇ ಇರಲಿ, ಕೊನೆಯಲ್ಲೇ ಇಡಬೇಕು.

ಮೊದಲ ಮೂರು ಕಂಬ ಸೇರಿ ಶೇ. 78. ಆರರಲ್ಲಿ ಮೂರು ಅಂದರೆ ಅರ್ಧ. ಶೇ. 20 ಕಾರಣಗಳಿಂದಲೇ ಶೇ. 80 ತೊಂದರೆ ಅನ್ನುವ 80-20 ಎಲ್ಲಿ ಬಂತು ಅಂತ ಒಬ್ಬರು ಕೇಳಿದರು. ಆ ಅಂಕಿ ಎಲ್ಲ ಕಡೆ ಬಂದೇ ಬರಬೇಕು ಅಂತೇನಿಲ್ಲ. ನಾನು ನೋಡುವುದು ಮೊದಲ ಕಂಬಕ್ಕೂ ಎರಡನೆಯದಕ್ಕೂ ನಡುವಿನ ಇಳಿತವನ್ನು. ಎಲ್ಲ ಕಂಬವೂ ಹೆಚ್ಚುಕಡಿಮೆ ಒಂದೇ ಎತ್ತರ ಬಂದರೆ ನಾವು ವಿಂಗಡಿಸಿದ ರೀತಿಯ ಮೇಲೇ ನನಗೆ ಮೊದಲು ಅನುಮಾನ.

ಆದರೆ ‘ಒಡೆದಿದೆ’ ಅನ್ನುವುದು ಗ್ರಾಹಕರು ಕಂಡದ್ದು, ಕಾರಣ ಅಲ್ಲ. ಹಾಗಾಗಿ ಆ 128ಕ್ಕೇ ಇನ್ನೊಂದು ಚಾರ್ಟ್ ಹಾಕಿದೆ, ಸಾಮಾನಿನ ಪ್ರಕಾರ. ಗಾಜಿನ ಮುಚ್ಚಳದ ಡಬ್ಬಿಗಳೇ 81. ಇಲ್ಲಿ ಅವಸರ ಮಾಡಬಾರದು. ಜಾಸ್ತಿ ಮಾರಾಟವಾಗುವುದು ಜಾಸ್ತಿ ಒಡೆಯುವುದು ಸಹಜ. ಮಾರಾಟದ ಲೆಕ್ಕ ತರಿಸಿದೆ. ಡಬ್ಬಿಯ 1,800 ಆರ್ಡರ್‌ಗೆ 81, ಅಂದರೆ ನೂರಕ್ಕೆ ನಾಲ್ಕೂವರೆ. ಉಳಿದ 7,200 ಆರ್ಡರ್‌ಗೆ ಬರೀ 47, ನೂರಕ್ಕೆ ಒಂದೂ ಇಲ್ಲ. ಸರಿ, ತೊಂದರೆ ಡಬ್ಬಿಯದ್ದೇ.

ಪ್ಯಾಕಿಂಗ್ ಜಾಗಕ್ಕೆ ಹೋಗಿ ಕಳಿಸಲು ಸಿದ್ಧವಾಗಿದ್ದ ಒಂದು ಬಾಕ್ಸನ್ನು ಕಿವಿ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದೆ. ಕಟಕಟ ಸದ್ದು. ಸರಿಯಾದ ಅಳತೆಯ ಬಾಕ್ಸ್ ಖಾಲಿಯಾಗಿ, ಒಂದು ಸೈಜ್ ದೊಡ್ಡದನ್ನು ಬಳಸುತ್ತಿದ್ದರು. ಒಳಗೆ ತುಂಬುವ ಕಾಗದ ಮಾತ್ರ ಮೊದಲಿನಷ್ಟೇ. ಹಳೆ ಅಳತೆಯ ಬಾಕ್ಸ್ ತರಿಸಿದೆವು. ಮುಚ್ಚಳವನ್ನು ಬೇರೆಯಾಗಿ ಸುತ್ತಲು ಶುರು ಮಾಡಿದರು.

ಮುಂದಿನ ಮೂರು ತಿಂಗಳಲ್ಲಿ ಆರ್ಡರ್ ಹೆಚ್ಚುಕಡಿಮೆ ಅಷ್ಟೇ ಇದ್ದವು. ಒಡೆದ ಸಾಮಾನಿನ ದೂರು 128ರಿಂದ 41ಕ್ಕೆ ಬಂತು. ಹೊಸ ಚಾರ್ಟ್ ನೋಡಿದ ಮ್ಯಾನೇಜರ್ ಮುಖ ಮಾತ್ರ ಗಂಟಾಯಿತು: “ಡೆಲಿವರಿ ತಡ ಶೇ. 25 ಇದ್ದಿದ್ದು 35 ಆಗಿದೆಯಲ್ರೀ!” ದೂರುಗಳು ಮೊದಲು 79, ಈಗ 82. ಒಟ್ಟು ದೂರು 320ರಿಂದ 232ಕ್ಕೆ ಇಳಿದಿದ್ದರಿಂದ ಪಾಲು ದೊಡ್ಡದಾಗಿ ಕಂಡಿತ್ತು, ಅಷ್ಟೇ. ಅಂದಿನಿಂದ ಹಳೆ ಚಾರ್ಟ್, ಹೊಸ ಚಾರ್ಟ್ ಎರಡನ್ನೂ ಪಕ್ಕಪಕ್ಕ ಇಡುತ್ತೇನೆ. ಎಡಗಡೆಯ ಅಳತೆಪಟ್ಟಿ ಎರಡಕ್ಕೂ 0ಯಿಂದ 320. ಡೆಲಿವರಿ ತಡದ ಕಂಬ ಮಾತ್ರ ಇನ್ನೂ ಅಲ್ಲೇ ನಿಂತಿದೆ, ಈಗ ಅದನ್ನು ಬಿಡಿಸುತ್ತಾ ಕೂತಿದ್ದೇನೆ.